ಪ್ಲೇ ಒತ್ತಿದ ಮೇಲೆ, ಮೊದಲ ಫ್ರೇಮ್ ಮೂಡುವ ಮುನ್ನ

ವಿಂಡೋಸ್ ಕಂಪ್ಯೂಟರಿನಲ್ಲಿ ಸ್ಟೀಮ್ ತೆರೆದು ಒಂದು ಆಟದ ಪ್ಲೇ ಗುಂಡಿ ಒತ್ತಿದರೆ, ಪರದೆಯ ಮೇಲೆ ಅದರ ಮೊದಲ ಚಿತ್ರ ಮೂಡುವುದರೊಳಗೆ ಕೆಲಸ ನಾಲ್ಕು ಕೈ ದಾಟಿರುತ್ತದೆ. ಮೊದಲು ಸ್ಟೀಮ್ ತನ್ನ ಲೆಕ್ಕಪತ್ರ ನೋಡಿಕೊಳ್ಳುತ್ತದೆ. ಅದು ಆಟದ ಪ್ರೋಗ್ರಾಮನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ವಿಂಡೋಸ್ ಅದನ್ನು ಮೆಮೊರಿಗೆ ಏರಿಸಿ ಓಡಲು ಬಿಡುತ್ತದೆ. ಆಮೇಲೆ ಆಟದ ಸ್ವಂತ ಕೋಡ್ ತನ್ನ ಸಿದ್ಧತೆ ಮಾಡಿಕೊಂಡು, ಕೊನೆಗೆ ಚಿತ್ರ ಬರೆಸಲು ಗ್ರಾಫಿಕ್ಸ್ ಡ್ರೈವರ್‌ನ ಮೊರೆ ಹೋಗುತ್ತದೆ. ಎಲ್ಲ ಸರಿಯಿದ್ದರೆ ಇಷ್ಟಕ್ಕೆ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷ ಸಾಕು.

ಸರಿಯಿಲ್ಲದಾಗ ಬಳಕೆದಾರರು ಹೇಳುವುದು ಒಂದೇ ಮಾತು: ಆಟ ಓಪನ್ ಆಗುತ್ತಿಲ್ಲ. ಆದರೆ ಆ ಒಂದು ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಕಾರಣಗಳಿರಬಹುದು. ಅವುಗಳನ್ನು ಬೇರ್ಪಡಿಸುವ ದಾರಿ, ಕೆಲಸ ಯಾರ ಕೈಯಲ್ಲಿದ್ದಾಗ ನಿಂತಿತು ಎಂದು ಗುರುತಿಸುವುದು. ದೋಷದ ಸಂದೇಶವನ್ನು ತೋರಿಸಿದ್ದು ಸ್ಟೀಮೋ, ವಿಂಡೋಸೋ, ಆಟವೋ ಅಥವಾ ಸಂದೇಶವೇ ಇಲ್ಲದೆ ಎಲ್ಲ ಮಾಯವಾಯಿತೋ ಎಂಬುದೇ ಅದಕ್ಕೆ ಮೊದಲ ಸುಳಿವು.

ಸ್ಟೀಮ್‌ನ ಲೆಕ್ಕಪತ್ರ

ಪ್ಲೇ ಒತ್ತಿದ ಕೂಡಲೇ ಆಟ ಶುರುವಾಗುವುದಿಲ್ಲ. ಈ ಖಾತೆಗೆ ಆಟದ ಹಕ್ಕು ಇದೆಯೇ, ಹೊಸ ಆವೃತ್ತಿ ಬಂದಿದೆಯೇ, ಬೇರೆ ಕಂಪ್ಯೂಟರಿನಲ್ಲಿ ಆಡಿ ಉಳಿಸಿದ್ದನ್ನು ಕ್ಲೌಡ್‌ನಿಂದ ಇಳಿಸಬೇಕೇ ಎಂದು ಸ್ಟೀಮ್ ಮೊದಲು ನೋಡುತ್ತದೆ. ಪ್ರತಿ ಆಟಕ್ಕೂ ಒಂದು ಸಂಖ್ಯೆಯಿದೆ; ಕೌಂಟರ್-ಸ್ಟ್ರೈಕ್ 2ರ ಸಂಖ್ಯೆ 730. ಆಟ ಯಾವ ಫೋಲ್ಡರಿನಲ್ಲಿದೆ, ಯಾವ ಆವೃತ್ತಿಯದು, ಪೂರ್ತಿ ಇಳಿದಿದೆಯೇ ಎಂಬ ವಿವರ `steamapps` ಫೋಲ್ಡರಿನ `appmanifest_730.acf` ಎಂಬ ಪುಟ್ಟ ಪಠ್ಯ ಫೈಲಿನಲ್ಲಿರುತ್ತದೆ. ಸ್ಟೀಮ್ ನಂಬುವುದು ಈ ಟಿಪ್ಪಣಿಯನ್ನು. ಪ್ರತಿ ಸಲ ಪ್ಲೇ ಒತ್ತಿದಾಗಲೂ ಡಿಸ್ಕಿನ ಮೇಲಿರುವ ಹತ್ತಾರು ಗಿಗಾಬೈಟ್ ಫೈಲುಗಳನ್ನು ಅದು ತೆರೆದು ಪರೀಕ್ಷಿಸುವುದಿಲ್ಲ.

ಇದರಿಂದ ಒಂದು ಬಗೆಯ ವೈಫಲ್ಯ ಹುಟ್ಟುತ್ತದೆ. ಆಂಟಿವೈರಸ್ ಆಟದ ಮುಖ್ಯ ಪ್ರೋಗ್ರಾಮನ್ನು ಅನುಮಾನಿಸಿ ತೆಗೆದಿಟ್ಟಿರಬಹುದು, ಇಲ್ಲವೇ ಡಿಸ್ಕಿನ ದೋಷದಿಂದ ಒಂದು ಫೈಲು ಕೆಟ್ಟಿರಬಹುದು. ಟಿಪ್ಪಣಿಯಲ್ಲಿ ಎಲ್ಲ ಸರಿಯೆಂದೇ ಇರುವುದರಿಂದ ಸ್ಟೀಮ್ ಮುಂದುವರಿಯುತ್ತದೆ. ಪ್ರೋಗ್ರಾಮೇ ಕಾಣದಿದ್ದರೆ ಅದು ಇಲ್ಲವೆಂದು ಸ್ಟೀಮೇ ಹೇಳುತ್ತದೆ. ಬೇರೆ ಫೈಲು ಕೆಟ್ಟಿದ್ದರೆ ಆ ಪೆಟ್ಟು ಮುಂದಿನ ಯಾವುದೋ ಹಂತದಲ್ಲಿ ಬೀಳುತ್ತದೆ.

ಫೈಲುಗಳನ್ನು ನಿಜವಾಗಿ ಪರೀಕ್ಷಿಸುವುದು ಆಟದ ಪ್ರಾಪರ್ಟೀಸ್‌ನಲ್ಲಿರುವ `Verify integrity of game files` ಎಂಬ ಆಯ್ಕೆ. ಸ್ಟೀಮ್ ಪ್ರತಿ ಫೈಲನ್ನೂ ಸುಮಾರು 1 ಮೆಗಾಬೈಟ್ ಗಾತ್ರದ ತುಣುಕುಗಳ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಪರೀಕ್ಷೆಯಲ್ಲಿ ಹೊಂದಿಕೆಯಾಗದ ತುಣುಕುಗಳನ್ನಷ್ಟೇ ಮತ್ತೆ ಇಳಿಸಿಕೊಳ್ಳುತ್ತದೆ. ಎಲ್ಲ ತೊಂದರೆಗೂ ಮೊದಲ ಮದ್ದೆಂದು ಇದನ್ನೇ ಹೇಳುವುದು ವಾಡಿಕೆ. ಆದರೆ ಇದರ ವ್ಯಾಪ್ತಿ ಆಟದ ಫೋಲ್ಡರಿಗಷ್ಟೇ ಸೀಮಿತ. ವಿಂಡೋಸ್‌ನ ಫೈಲುಗಳು, ಗ್ರಾಫಿಕ್ಸ್ ಡ್ರೈವರ್, ಬಳಕೆದಾರರ ಫೋಲ್ಡರಿನಲ್ಲಿ ಆಟ ಬರೆದಿಟ್ಟ ಸೆಟ್ಟಿಂಗ್‌ಗಳು ಇದರ ಕೈಗೆ ಎಟಕುವುದಿಲ್ಲ. ಪರೀಕ್ಷೆ ಎಲ್ಲ ಸರಿಯಿದೆ ಎಂದರೂ ಆಟ ತೆರೆಯದಿದ್ದರೆ, ಕಾರಣ ಆ ಫೋಲ್ಡರಿನ ಹೊರಗಿರುವ ಸಾಧ್ಯತೆಯೇ ಹೆಚ್ಚು.

ವಿಂಡೋಸ್ ಪ್ರೋಗ್ರಾಮನ್ನು ಮೆಮೊರಿಗೆ ಏರಿಸುವುದು

ಸ್ಟೀಮ್ ಆಟದ `.exe` ಫೈಲನ್ನು ವಿಂಡೋಸ್‌ಗೆ ಒಪ್ಪಿಸಿದಾಗ ವಿಂಡೋಸ್ ಒಂದು ಹೊಸ ಪ್ರೊಸೆಸ್ ಸೃಷ್ಟಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಆಟದ ಹೆಸರು ಕಾಣಿಸುವುದು ಈಗ. ಆದರೂ ಆಟದ ಸ್ವಂತ ಕೋಡಿನ ಒಂದು ಸಾಲೂ ಇನ್ನೂ ನಡೆದಿರುವುದಿಲ್ಲ. ಅದಕ್ಕೆ ಮೊದಲು ಲೋಡರ್ ಎಂಬ ವಿಂಡೋಸ್‌ನ ಭಾಗ ತನ್ನ ಕೆಲಸ ಮುಗಿಸಬೇಕು.

ಯಾವ ಆಟವೂ ಎಲ್ಲವನ್ನೂ ತಾನೇ ಹೊತ್ತು ತರುವುದಿಲ್ಲ. ಫೈಲು ತೆರೆಯುವುದು, ಶಬ್ದ ಹೊರಡಿಸುವುದು, ಚಿತ್ರ ಬರೆಯುವುದು ಮುಂತಾದ ಕೆಲಸಗಳ ಕೋಡ್ ಡಿಎಲ್‌ಎಲ್ ಎಂಬ ಬೇರೆ ಫೈಲುಗಳಲ್ಲಿರುತ್ತದೆ. ತನಗೆ ಯಾವ ಡಿಎಲ್‌ಎಲ್‌ಗಳು ಬೇಕು, ಒಂದೊಂದರಿಂದ ಯಾವ ಯಾವ ಕಾರ್ಯ ಬೇಕು ಎಂಬ ಪಟ್ಟಿ `.exe` ಫೈಲಿನೊಳಗೇ ಇದೆ. ಮದುವೆಗೆ ಮುನ್ನ ಅಡುಗೆಯವರು ಬರೆದುಕೊಡುವ ಸಾಮಾನಿನ ಪಟ್ಟಿಯಂತೆ ಇದು. ಎಲ್ಲ ಬಂದು ಸೇರುವವರೆಗೆ ಒಲೆ ಹಚ್ಚುವುದಿಲ್ಲ. ಲೋಡರ್ ಒಂದೊಂದು ಹೆಸರನ್ನೂ ಆಟದ ಫೋಲ್ಡರಿನಲ್ಲಿ, ನಂತರ ವಿಂಡೋಸ್‌ನ ಫೋಲ್ಡರುಗಳಲ್ಲಿ ಹುಡುಕುತ್ತದೆ. ಸಿಕ್ಕ ಡಿಎಲ್‌ಎಲ್‌ಗೂ ತನ್ನದೇ ಪಟ್ಟಿ ಇರುವುದರಿಂದ ಹುಡುಕಾಟ ಕವಲೊಡೆಯುತ್ತಾ ಹೋಗುತ್ತದೆ.

ಇಲ್ಲಿ ಸೋಲುವ ಬಗೆ ಮುಖ್ಯವಾಗಿ ಮೂರು. ಮೂರರಲ್ಲೂ ಸಂದೇಶ ತೋರಿಸುವುದು ವಿಂಡೋಸ್: ಆಟದ ಬಣ್ಣ, ಅಲಂಕಾರ ಯಾವುದೂ ಇಲ್ಲದ ಸಾದಾ ಬೂದು ಪೆಟ್ಟಿಗೆ.

ಮೊದಲನೆಯದು, ಡಿಎಲ್‌ಎಲ್ ಸಿಗದೇ ಇರುವುದು. ಪೆಟ್ಟಿಗೆಯಲ್ಲಿ ಆ ಫೈಲಿನ ಹೆಸರೇ ಇರುತ್ತದೆ. ಹೆಚ್ಚಾಗಿ ಅದು `VCRUNTIME140.dll` ಅಥವಾ `MSVCP140.dll`. ಇವು ಆಟದ ಫೈಲುಗಳಲ್ಲ. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ಉಪಕರಣಗಳಿಂದ ತಯಾರಾದ ಪ್ರೋಗ್ರಾಮುಗಳಿಗೆಲ್ಲ ಬೇಕಾದ ರನ್‌ಟೈಮ್‌ನ ಭಾಗಗಳು. ಆಟವನ್ನು ಮೊದಲ ಬಾರಿ ತೆರೆದಾಗ ಸ್ಟೀಮ್ ಸ್ವಲ್ಪ ಹೊತ್ತು ಏನನ್ನೋ ಸ್ಥಾಪಿಸುತ್ತಿರುವಂತೆ ತೋರಿಸುತ್ತದಲ್ಲ, ಅದು ಇವುಗಳನ್ನೇ. ಆ ಹೆಜ್ಜೆಯಲ್ಲಿ ವಿಂಡೋಸ್ ಕೇಳುವ ಅನುಮತಿಗೆ ಬೇಡವೆಂದವರಿಗೆ ಈ ಸಂದೇಶ ಎದುರಾಗುತ್ತದೆ.

ಎರಡನೆಯದು, ಡಿಎಲ್‌ಎಲ್ ಇದ್ದರೂ ಅದರೊಳಗೆ ಬೇಕಾದ ಕಾರ್ಯ ಇಲ್ಲದಿರುವುದು. ಆಗ ಬರುವ ಸಂದೇಶದಲ್ಲಿ `entry point` ಎಂಬ ಮಾತಿರುತ್ತದೆ. ಹಳೆಯ ಆವೃತ್ತಿಯ ಡಿಎಲ್‌ಎಲ್ ಹೊಸದರ ಜಾಗದಲ್ಲಿ ಕೂತಿದೆ, ಇಲ್ಲವೇ ವಿಂಡೋಸ್ ಆವೃತ್ತಿಯೇ ಆಟಕ್ಕೆ ಸಾಲದಷ್ಟು ಹಳೆಯದು ಎಂದು ಅದರ ಅರ್ಥ.

ಮೂರನೆಯದು `0xc000007b` ಎಂಬ ಸಂಖ್ಯೆ. ಇದು ಬಂದಾಗ ಫೈಲಿನ ಹೆಸರು ಕಾಣದು, ಹಾಗಾಗಿ ಗೊಂದಲ ಹೆಚ್ಚು. 64-ಬಿಟ್ ಪ್ರೋಗ್ರಾಮಿನ ಒಳಗೆ 32-ಬಿಟ್ ಡಿಎಲ್‌ಎಲ್ ಕೂರಲಾರದು, 32-ಬಿಟ್ ಪ್ರೋಗ್ರಾಮಿನ ಒಳಗೆ 64-ಬಿಟ್ಟಿನದೂ ಕೂರದು. ಬೇಕಾದ ಬಗೆಯದು ಸಿಗದೆ ಅದೇ ಹೆಸರಿನ ಇನ್ನೊಂದು ಬಗೆಯದು ಸಿಕ್ಕರೆ ಈ ಸಂಖ್ಯೆ ಬರುತ್ತದೆ. ಇದನ್ನು ಬಳಕೆದಾರರೇ ಕೈಯಾರೆ ತಂದುಕೊಳ್ಳುವುದೂ ಉಂಟು. ಡಿಎಲ್‌ಎಲ್ ಇಲ್ಲವೆಂಬ ಸಂದೇಶ ಕಂಡವರು ಅದನ್ನು ಎಲ್ಲಿಂದಲೋ ಇಳಿಸಿ `System32` ಫೋಲ್ಡರಿಗೆ ಹಾಕುತ್ತಾರೆ. 64-ಬಿಟ್ ವಿಂಡೋಸ್‌ನಲ್ಲಿ ಹೆಸರು ಸೂಚಿಸುವುದಕ್ಕೆ ತದ್ವಿರುದ್ಧವಾಗಿ `System32`ನಲ್ಲಿರುವುದು 64-ಬಿಟ್ ಫೈಲುಗಳು. 32-ಬಿಟ್ ಫೈಲುಗಳ ಜಾಗ `SysWOW64`. ಹೆಸರು ನಂಬಿ 32-ಬಿಟ್ ಪ್ರತಿಯನ್ನು `System32`ಗೆ ಹಾಕಿದರೆ ಮೊದಲಿನ ಸಂದೇಶ ಹೋಗಿ `0xc000007b` ಬರುತ್ತದೆ. ಸರಿಯಾದ ದಾರಿಯೆಂದರೆ ಬಿಡಿ ಫೈಲನ್ನು ತರುವ ಬದಲು ಮೈಕ್ರೋಸಾಫ್ಟ್ ಕೊಡುವ ರನ್‌ಟೈಮ್ ಪ್ಯಾಕೇಜನ್ನು ಸ್ಥಾಪಿಸುವುದು. ಅದರಲ್ಲೂ `x86`, `x64` ಎರಡನ್ನೂ ಸ್ಥಾಪಿಸುವುದು.

ಕಾವಲುಗಾರರು

ಆನ್‌ಲೈನ್ ಸ್ಪರ್ಧೆಯ ಆಟಗಳಲ್ಲಿ ಮೋಸ ತಡೆಯುವ ತಂತ್ರಾಂಶ ಇರುತ್ತದೆ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಇವುಗಳಲ್ಲಿ ಪ್ರಸಿದ್ಧ. ಇಂಥ ಆಟಗಳಲ್ಲಿ ಸ್ಟೀಮ್ ನೇರವಾಗಿ ಆಟವನ್ನು ತೆರೆಯುವುದಿಲ್ಲ. ಒಂದು ಸಣ್ಣ ಪ್ರೋಗ್ರಾಮನ್ನು ತೆರೆಯುತ್ತದೆ, ಅದು ಕಾವಲು ಸೇವೆಯನ್ನು ಎಬ್ಬಿಸಿದ ಮೇಲೆ ಆಟವನ್ನು ಎಬ್ಬಿಸುತ್ತದೆ. ಕಾವಲಿನ ಒಂದು ಭಾಗ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಡ್ರೈವರ್ ಆಗಿ ಓಡುವುದರಿಂದ, ವಿಂಡೋಸ್‌ನ ಭದ್ರತಾ ನಿಯಮಗಳಿಗೂ ಇದಕ್ಕೂ ತಿಕ್ಕಾಟವಾಗುವುದುಂಟು.

ಈ ಹಂತದ ವೈಫಲ್ಯಕ್ಕೆ ಸ್ಪಷ್ಟ ಚಹರೆ ಇದೆ: ಕಾವಲು ತಂತ್ರಾಂಶದ ಸಣ್ಣ ಚಿತ್ರ ಪರದೆಯಲ್ಲಿ ಮೂಡುತ್ತದೆ, ಆಟದ ಕಿಟಕಿ ಬರುವುದೇ ಇಲ್ಲ. ದೋಷಸಂಖ್ಯೆಯೂ ಆ ತಂತ್ರಾಂಶದ್ದೇ. ಸ್ಟೀಮ್‌ನ ಹೊರಗಿನ ವ್ಯಾಲೊರೆಂಟ್ ಆಟ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ವ್ಯಾನ್‌ಗಾರ್ಡ್ ಎಂಬ ಕಾವಲು ವಿಂಡೋಸ್ ಶುರುವಾಗುವಾಗಲೇ ಎದ್ದಿರಬೇಕು. ವಿಂಡೋಸ್ 11ರಲ್ಲಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲೂ ಇರಬೇಕು. ಇಲ್ಲದಿದ್ದರೆ `VAN9001`ರಂಥ ಸಂಖ್ಯೆ ತೋರಿಸಿ ಆಟ ನಿಲ್ಲುತ್ತದೆ. ಆಟವನ್ನು ಎಷ್ಟು ಸಲ ಹೊಸದಾಗಿ ಸ್ಥಾಪಿಸಿದರೂ ಇದು ಹೋಗದು, ಏಕೆಂದರೆ ಆ ಎರಡನ್ನೂ ಬದಲಿಸುವ ಜಾಗ ಮದರ್‌ಬೋರ್ಡಿನ ಬಯಾಸ್ ಸೆಟ್ಟಿಂಗ್.

ಆಟದ ಕೋಡ್ ಕಣ್ಣು ತೆರೆದಾಗ

ಲೋಡರ್ ಕೆಲಸ ಮುಗಿಸಿದ ಮೇಲೆ ಮೊದಲ ಬಾರಿಗೆ ಆಟದ ಸ್ವಂತ ಕೋಡ್ ಓಡುತ್ತದೆ. ಅದು ಮೊದಲು ಮಾಡುವುದು ಮನೆಗೆಲಸ: ತನ್ನ ಇನ್ನೊಂದು ಪ್ರತಿ ಆಗಲೇ ಓಡುತ್ತಿದೆಯೇ ಎಂದು ನೋಡುವುದು, ಸೆಟ್ಟಿಂಗ್ ಫೈಲು ಓದುವುದು, ಆಟ ಉಳಿಸುವ ಫೋಲ್ಡರ್ ಇಲ್ಲದಿದ್ದರೆ ಸೃಷ್ಟಿಸುವುದು. ಪರದೆಯ ಮೇಲೆ ಇನ್ನೂ ಏನೂ ಇಲ್ಲದ ಹೊತ್ತಿದು. ಇಲ್ಲಿ ಸೋತರೆ ಬಹಳ ಸಲ ಯಾವ ಸಂದೇಶವೂ ಬರುವುದಿಲ್ಲ. ಸ್ಟೀಮ್‌ನ ಗುಂಡಿ ಕೆಲವು ಸೆಕೆಂಡು ಆಟ ಓಡುತ್ತಿರುವಂತೆ ತೋರಿಸಿ ಮತ್ತೆ ಪ್ಲೇ ಆಗುತ್ತದೆ, ಅಷ್ಟೆ.

ಹಳೆಯ ಅಥವಾ ಅಗ್ಗದ ಪ್ರೊಸೆಸರ್‌ಗಳಲ್ಲಿ ಇಂಥ ಮೌನಕ್ಕೆ ಒಂದು ಕಾರಣ, ಆಟದ ಕೋಡಿನಲ್ಲಿರುವ ಆದೇಶವನ್ನೇ ಪ್ರೊಸೆಸರ್ ಅರಿಯದಿರುವುದು. ಎವಿಎಕ್ಸ್ ಎಂಬ ಆದೇಶಗಳ ಗುಂಪು ಇಂಟೆಲ್‌ನ ಪ್ರೊಸೆಸರ್‌ಗಳಿಗೆ ಬಂದದ್ದು 2011ರಲ್ಲಿ. ಅದಾದ ಮೇಲೆಯೂ ಹಲವು ವರ್ಷ ಪೆಂಟಿಯಂ, ಸೆಲೆರಾನ್ ಹೆಸರಿನ ಅಗ್ಗದ ಪ್ರೊಸೆಸರ್‌ಗಳಲ್ಲಿ ಅದು ಇರಲಿಲ್ಲ. ಎವಿಎಕ್ಸ್ ಇದ್ದೇ ಇರುತ್ತದೆಂದು ನಂಬಿ ಬರೆದ ಆಟ ಅಂಥ ಯಂತ್ರದಲ್ಲಿ ಆ ಆದೇಶ ಎದುರಾದ ಕ್ಷಣವೇ ಬೀಳುತ್ತದೆ. ವಿಂಡೋಸ್‌ನ ದಾಖಲೆಯಲ್ಲಿ ಆಗ ಉಳಿಯುವ ಸಂಖ್ಯೆ `0xc000001d`.

ಕನ್ನಡಿಗರಿಗೆ ವಿಶೇಷವಾಗಿ ಎದುರಾಗಬಹುದಾದ ತೊಡಕೂ ಇದೇ ಹಂತದ್ದು. ಒಬ್ಬರು ಹೊಸ ಕಂಪ್ಯೂಟರಿನಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಕಾವ್ಯ ಎಂದು ಕೊಟ್ಟು ಖಾತೆ ತೆರೆದಿದ್ದಾರೆ ಎಂದುಕೊಳ್ಳಬಹುದು. ವಿಂಡೋಸ್ ಅವರಿಗಾಗಿ ಇಂಥ ಫೋಲ್ಡರ್ ಮಾಡುತ್ತದೆ:

```
C:\Users\ಕಾವ್ಯ
```

ವಿಂಡೋಸ್‌ಗೆ ಇದರಲ್ಲಿ ತೊಂದರೆಯಿಲ್ಲ, ಅದು ಒಳಗೆಲ್ಲ ಯೂನಿಕೋಡ್ ಬಳಸುತ್ತದೆ. ಆದರೆ ಫೈಲು ತೆರೆಯುವ ಕಾರ್ಯಗಳಿಗೆ ವಿಂಡೋಸ್‌ನಲ್ಲಿ ಎರಡು ರೂಪಗಳಿವೆ. ಹೊಸ ರೂಪ ಯೂನಿಕೋಡಿನದು. ಹಳೆಯ ರೂಪ ಕೋಡ್ ಪೇಜ್ ಎಂಬ ಸಣ್ಣ ಅಕ್ಷರಪಟ್ಟಿಯನ್ನು ನೆಚ್ಚಿಕೊಂಡದ್ದು. ರಷ್ಯನ್, ಗ್ರೀಕ್, ಥಾಯ್ ಭಾಷೆಗಳಿಗೆ ಒಂದೊಂದು ಕೋಡ್ ಪೇಜ್ ಇದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥದು ಇಲ್ಲವೇ ಇಲ್ಲ. ವಿಂಡೋಸ್‌ನಲ್ಲಿ ಅದು ಯೂನಿಕೋಡ್ ಮೂಲಕವಷ್ಟೇ ಬರುವ ಭಾಷೆ. ಹಳೆಯ ರೂಪವನ್ನೇ ಬಳಸುವ ಆಟ ಬಳಕೆದಾರರ ಫೋಲ್ಡರ್ ಯಾವುದೆಂದು ಕೇಳಿದಾಗ, ಪಟ್ಟಿಯಲ್ಲಿಲ್ಲದ ಪ್ರತಿ ಚಿಹ್ನೆಯ ಬದಲಿಗೂ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಕ, ದೀರ್ಘ, ವ, ವಿರಾಮ, ಯ ಹೀಗೆ ಕಾವ್ಯ ಎಂಬುದು ಯೂನಿಕೋಡಿನಲ್ಲಿ ಐದು ಚಿಹ್ನೆ. ಆದ್ದರಿಂದ ಆಟಕ್ಕೆ ಸಿಗುವ ಉತ್ತರ ಇದು:

```
C:\Users\?????
```

ವಿಂಡೋಸ್‌ನಲ್ಲಿ ಫೈಲಿನ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ ನಿಷಿದ್ಧ. ಆಟ ಈ ವಿಳಾಸದಲ್ಲಿ ಸೆಟ್ಟಿಂಗ್ ಫೈಲು ತೆರೆಯಲು ಹೋದರೆ ಹೆಸರೇ ತಪ್ಪೆಂದು ವಿಂಡೋಸ್ ತಿರುಗಿಸಿ ಕಳಿಸುತ್ತದೆ. ಬರೆದವರು ಇದನ್ನು ಊಹಿಸಿರದಿದ್ದರೆ ಆಟ ಅಲ್ಲೇ ಮುಗಿಯುತ್ತದೆ. ಸ್ಟೀಮ್‌ನ ಪರೀಕ್ಷೆ ಎಲ್ಲ ಸರಿಯೆನ್ನುತ್ತದೆ, ಡ್ರೈವರ್ ಹೊಸದೇ ಇರುತ್ತದೆ, ಅದೇ ಕಂಪ್ಯೂಟರಿನ ಇನ್ನೊಂದು ಖಾತೆಯಲ್ಲಿ ಆಟ ಸರಾಗವಾಗಿ ತೆರೆಯುತ್ತದೆ. ಈ ಕೊನೆಯ ಲಕ್ಷಣವೇ ರೋಗವನ್ನು ಹಿಡಿದುಕೊಡುವಂಥದ್ದು.

ಖಾತೆಯ ಹೆಸರನ್ನು ಆಮೇಲೆ ಇಂಗ್ಲಿಷಿಗೆ ಬದಲಿಸಿದರೆ ಪ್ರಯೋಜನವಾಗುವುದಿಲ್ಲ, ಏಕೆಂದರೆ ಬದಲಾಗುವುದು ಪರದೆಯಲ್ಲಿ ಕಾಣುವ ಹೆಸರು ಮಾತ್ರ. ಫೋಲ್ಡರ್ ಮೊದಲಿನಂತೆಯೇ ಉಳಿಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಹೊಸ ಖಾತೆ ತೆರೆದು, ನಂತರ ಬೇಕಿದ್ದರೆ ಅದರ ಕಾಣುವ ಹೆಸರನ್ನು ಕನ್ನಡಕ್ಕೆ ಬದಲಿಸಿಕೊಳ್ಳುವುದು ಸುರಕ್ಷಿತ. ಎಲ್ಲ ಪ್ರೋಗ್ರಾಮುಗಳೂ ಹಳೆಯ ಕೋಡ್ ಪೇಜ್ ಬದಲು ಯುಟಿಎಫ್-8 ಬಳಸುವಂತೆ ಮಾಡುವ ಆಯ್ಕೆಯೂ ವಿಂಡೋಸ್‌ನ ಪ್ರದೇಶದ ಸೆಟ್ಟಿಂಗ್‌ಗಳಲ್ಲಿದೆ. ಆದರೆ ಅದಕ್ಕೆ ಬೀಟಾ ಎಂಬ ಹಣೆಪಟ್ಟಿಯಿದೆ, ಕೆಲವು ಹಳೆಯ ಪ್ರೋಗ್ರಾಮುಗಳು ಅದರಿಂದ ಕೆಡುವುದೂ ಉಂಟು.

ಗ್ರಾಫಿಕ್ಸ್ ಸಾಧನವನ್ನು ಹಿಡಿಯುವುದು

ಮನೆಗೆಲಸ ಮುಗಿಸಿದ ಆಟ ಒಂದು ಕಿಟಕಿ ತೆರೆಯುತ್ತದೆ. ಖಾಲಿ ಕಪ್ಪು ಅಥವಾ ಬಿಳಿ ಚೌಕ ಕಾಣುವುದು ಆಗ. ಕಿಟಕಿ ಬಂತೆಂದರೆ ಇಲ್ಲಿಯವರೆಗೆ ಹೇಳಿದ ಕಾರಣಗಳಲ್ಲಿ ಹೆಚ್ಚಿನವನ್ನು ಬಿಟ್ಟುಬಿಡಬಹುದು. ಇನ್ನು ಮುಂದಿನದು ಆಟ ಮತ್ತು ಗ್ರಾಫಿಕ್ಸ್ ಡ್ರೈವರ್ ನಡುವಿನ ವ್ಯವಹಾರ.

ಆಟ ಮೊದಲು ಕಂಪ್ಯೂಟರಿನಲ್ಲಿ ಎಷ್ಟು ಗ್ರಾಫಿಕ್ಸ್ ಸಾಧನಗಳಿವೆಯೆಂದು ಕೇಳುತ್ತದೆ. ಅವುಗಳಲ್ಲಿ ಒಂದನ್ನು ಆರಿಸಿ, ನನಗೆ ಇಷ್ಟು ಸಾಮರ್ಥ್ಯ ಬೇಕೆಂದು ಡೈರೆಕ್ಟ್‌ಎಕ್ಸ್ ಅಥವಾ ವಲ್ಕನ್ ಮೂಲಕ ಡ್ರೈವರ್‌ನ ಮುಂದಿಡುತ್ತದೆ. ಡೈರೆಕ್ಟ್‌ಎಕ್ಸ್‌ನಲ್ಲಿ ಈ ಸಾಮರ್ಥ್ಯವನ್ನು ಫೀಚರ್ ಲೆವೆಲ್ ಎಂಬ ಮೆಟ್ಟಿಲುಗಳಲ್ಲಿ ಹೇಳುತ್ತಾರೆ. ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ವಿಂಡೋಸ್‌ನಲ್ಲಿ ಡೈರೆಕ್ಟ್‌ಎಕ್ಸ್ 12 ಇದೆಯೆಂದು ತೋರಿಸಿದ ಮಾತ್ರಕ್ಕೆ ಗ್ರಾಫಿಕ್ಸ್ ಸಾಧನ ಅಷ್ಟು ಮೆಟ್ಟಿಲು ಏರಬಲ್ಲದು ಎಂದಲ್ಲ. ಮೊದಲನೆಯದು ತಂತ್ರಾಂಶದ ಆವೃತ್ತಿ, ಎರಡನೆಯದು ಚಿಪ್ಪಿನ ಶಕ್ತಿ. 2011ರ ಇಂಟೆಲ್ ಎಚ್‌ಡಿ 3000 ಗ್ರಾಫಿಕ್ಸ್ 10.1ನೇ ಮೆಟ್ಟಿಲಿನಲ್ಲೇ ನಿಲ್ಲುತ್ತದೆ. 11.0 ಬೇಕೆನ್ನುವ ಆಟ ಅದರ ಮೇಲೆ ತೆರೆಯುವುದೇ ಇಲ್ಲ. ಅನ್‌ರಿಯಲ್ ಎಂಜಿನ್‌ನ ಆಟಗಳು ಇದನ್ನು ಬಾಯಿಬಿಟ್ಟೇ ಹೇಳುತ್ತವೆ: ಇಂಥ ಫೀಚರ್ ಲೆವೆಲ್ ಬೇಕು ಎಂಬ ಸಂದೇಶ ತೋರಿಸಿ ಮುಚ್ಚಿಕೊಳ್ಳುತ್ತವೆ.

ಅದೇ ಸಂದೇಶ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲೂ ಬರಬಹುದು. ಅಲ್ಲಿ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಒಂದು, ಬೇರೆ ಕಾರ್ಡು ಇನ್ನೊಂದು, ಹೀಗೆ ಎರಡು ಸಾಧನಗಳಿರುತ್ತವೆ. ಬ್ಯಾಟರಿ ಉಳಿಸಲೆಂದು ವಿಂಡೋಸ್ ಅಥವಾ ಡ್ರೈವರ್ ಆಟಕ್ಕೆ ಮೊದಲನೆಯದನ್ನು ಕೊಟ್ಟರೆ ಕಾರ್ಡು ಸುಮ್ಮನೆ ಕೂತಿರುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನ ಗ್ರಾಫಿಕ್ಸ್ ಪುಟದಲ್ಲಿ ಆ ಆಟದ `.exe` ಆರಿಸಿ `High performance` ಎಂದು ಗೊತ್ತುಮಾಡಿದರೆ ಇದು ಸರಿಹೋಗುತ್ತದೆ. ಇನ್ನೊಂದು ಸಂದರ್ಭ, ವಿಂಡೋಸ್ ಹೊಸದಾಗಿ ಹಾಕಿಸಿ ಕಾರ್ಡಿನ ಡ್ರೈವರ್ ಹಾಕದೇ ಇರುವುದು. ಡಿವೈಸ್ ಮ್ಯಾನೇಜರ್‌ನಲ್ಲಿ ಆಗ ಕಾರ್ಡಿನ ಹೆಸರಿನ ಬದಲು `Microsoft Basic Display Adapter` ಎಂದಿರುತ್ತದೆ.

ಸಾಧನ ಸಿಕ್ಕ ಮೇಲೆ ಆಟ ಚಿತ್ರ ಬರೆಯಲು ಬಫರ್ ಎಂಬ ಎರಡು ಮೂರು ಹಲಗೆಗಳನ್ನು ಕೇಳಿ ಪಡೆಯುತ್ತದೆ. 1920×1080 ಪರದೆಗೆ ಪ್ರತಿ ಬಿಂದುವಿಗೆ 4 ಬೈಟ್‌ನಂತೆ ಒಂದು ಹಲಗೆಗೆ ಸುಮಾರು 83 ಲಕ್ಷ ಬೈಟ್ ಬೇಕು. ಒಂದನ್ನು ಪರದೆ ತೋರಿಸುತ್ತಿರುವಾಗ ಮುಂದಿನ ಚಿತ್ರ ಇನ್ನೊಂದರಲ್ಲಿ ತಯಾರಾಗುತ್ತದೆ. ಓವರ್‌ಲೇಗಳು ತಲೆ ಹಾಕುವುದೂ ಇಲ್ಲೇ. ಆಟದ ಮೇಲೆ ಗೆಳೆಯರ ಮಾತುಕತೆ, ಫ್ರೇಮ್‌ಗಳ ಎಣಿಕೆ ಮುಂತಾದವನ್ನು ತೋರಿಸುವ ತಂತ್ರಾಂಶಗಳು ತಮ್ಮ ಡಿಎಲ್‌ಎಲ್ ಅನ್ನು ಆಟದ ಪ್ರೊಸೆಸ್‌ನೊಳಗೆ ತೂರಿಸಿ, ಚಿತ್ರ ಪರದೆಗೆ ಹೋಗುವ ದಾರಿಯಲ್ಲಿ ನಿಲ್ಲುತ್ತವೆ. ಅಂಥವು ಎರಡು ಮೂರು ಸೇರಿ ಒಂದಕ್ಕೊಂದು ಅಡ್ಡಬಂದರೆ ಕಿಟಕಿ ಬಂದ ಮರುಕ್ಷಣ ಆಟ ಬೀಳುತ್ತದೆ. ಅವೆಲ್ಲವನ್ನೂ ಮುಚ್ಚಿ ಒಮ್ಮೆ ತೆರೆದು ನೋಡುವುದು ಸುಲಭದ ಪರೀಕ್ಷೆ.

ಶೇಡರ್‌ಗಳು, ಮತ್ತು ಸುಳ್ಳು ಹೇಳುವ ಒಂದು ಸಂದೇಶ

ಬೆಳಕು, ನೆರಳು, ಮೈಮೇಲ್ಮೈಯ ಬಣ್ಣ ಲೆಕ್ಕಹಾಕುವ ಪುಟ್ಟ ಪ್ರೋಗ್ರಾಮುಗಳಿಗೆ ಶೇಡರ್ ಎನ್ನುತ್ತಾರೆ. ಗ್ರಾಫಿಕ್ಸ್ ಚಿಪ್ಪುಗಳ ಒಳಭಾಷೆ ಒಂದೊಂದಕ್ಕೂ ಬೇರೆ ಬೇರೆ. ಹಾಗಾಗಿ ಆಟಗಳು ಶೇಡರ್‌ಗಳನ್ನು ಮಧ್ಯಂತರ ರೂಪದಲ್ಲಿ ತರುತ್ತವೆ, ಆಯಾ ಚಿಪ್ಪಿನ ಭಾಷೆಗೆ ಅವನ್ನು ಇಳಿಸುವುದು ಡ್ರೈವರ್‌ನ ಕೆಲಸ. ದೊಡ್ಡ ಆಟಗಳಲ್ಲಿ ಇವು ಸಾವಿರಗಟ್ಟಲೆ ಇರುವುದರಿಂದ ಮೊದಲ ಬಾರಿ ತೆರೆದಾಗ ಹಲವು ನಿಮಿಷ ಹಿಡಿಯಬಹುದು. ಫಲಿತಾಂಶ ಡಿಸ್ಕಿನಲ್ಲಿ ಉಳಿದುಕೊಳ್ಳುವುದರಿಂದ ಎರಡನೆಯ ಸಲ ಬೇಗ ಮುಗಿಯುತ್ತದೆ. ಡ್ರೈವರ್ ಬದಲಾದರೆ ಉಳಿಸಿದ್ದು ಕೆಲಸಕ್ಕೆ ಬಾರದೆ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ವೈಫಲ್ಯವಲ್ಲದ್ದು ವೈಫಲ್ಯದಂತೆ ಕಾಣುವುದು ಇಲ್ಲಿ. ಒಂದು ಕಿಟಕಿ 5 ಸೆಕೆಂಡು ವಿಂಡೋಸ್‌ನ ಕರೆಗೆ ಓಗೊಡದಿದ್ದರೆ ಅದರ ತಲೆಬರಹದಲ್ಲಿ `Not Responding` ಎಂದು ವಿಂಡೋಸ್ ಬರೆಯುತ್ತದೆ. ಶೇಡರ್ ತಯಾರಿಯಲ್ಲಿ ಮುಳುಗಿದ ಆಟ ಓಗೊಡದೇ ಇರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಪ್ರೊಸೆಸರನ್ನು ಚೆನ್ನಾಗಿ ದುಡಿಸುತ್ತಿದೆ, ಡಿಸ್ಕಿನಿಂದ ಓದುತ್ತಿದೆ ಎಂದಾದರೆ ಕಾಯುವುದೇ ಸರಿ. ಎರಡೂ ಸೊನ್ನೆಯಲ್ಲಿ ನಿಂತು ನಿಮಿಷಗಳು ಕಳೆದರೆ ಅದು ನಿಜವಾಗಿ ಸಿಕ್ಕಿಕೊಂಡಿದೆ.

ಈ ಹಂತದ ನಿಜವಾದ ವೈಫಲ್ಯಗಳಲ್ಲಿ ಒಂದು ಕಥೆ ವಿವರವಾಗಿ ತಿಳಿಯಬೇಕಾದ್ದು. ಇಂಟೆಲ್‌ನ 13ನೇ ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿದ್ದ ಹಲವರಿಗೆ ಅನ್‌ರಿಯಲ್ ಎಂಜಿನ್‌ನ ಆಟಗಳು ತೆರೆಯುವಾಗಲೇ ಬೀಳತೊಡಗಿದವು. ಸಂದೇಶ ಹೀಗಿತ್ತು:

```
Out of video memory trying to allocate a rendering resource
```

ಓದಿದರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದು ಎಂದೇ ಅರ್ಥ. ಆದರೆ ಇದನ್ನು ಕಂಡವರಲ್ಲಿ ಮೆಮೊರಿ ಧಾರಾಳವಾಗಿದ್ದ ದುಬಾರಿ ಕಾರ್ಡುಗಳವರೂ ಇದ್ದರು. ತೊಂದರೆ ಕಾರ್ಡಿನಲ್ಲಿರಲಿಲ್ಲ. ಆಟ ತನ್ನ ಶೇಡರ್‌ಗಳನ್ನು ಒತ್ತಿ ಕುಗ್ಗಿಸಿದ ರೂಪದಲ್ಲಿ ತರುತ್ತದೆ. ತೆರೆಯುವಾಗ ಅವನ್ನು ಬಿಡಿಸುವುದು ಪ್ರೊಸೆಸರ್‌ನ ಕೆಲಸ, ಅದೂ ಎಲ್ಲ ಕೋರ್‌ಗಳನ್ನು ಒಟ್ಟಿಗೆ ದುಡಿಸಿಕೊಂಡು. ಕಂಪ್ಯೂಟರ್ ಮೇಲೆ ಇಷ್ಟು ಭಾರ ದಿನನಿತ್ಯದ ಬಳಕೆಯಲ್ಲಿ ಬೀಳುವುದು ಅಪರೂಪ. ಕೆಟ್ಟ ಪ್ರೊಸೆಸರ್ ಆ ಭಾರದಲ್ಲಿ ಲೆಕ್ಕ ತಪ್ಪಿದಾಗ ಬಿಡಿಸಿದ ಮಾಹಿತಿ ಹಾಳಾಗಿ, ಎಂಜಿನ್ ಅದನ್ನು ಮೆಮೊರಿಯ ಕೊರತೆಯೆಂದು ತಪ್ಪಾಗಿ ವರದಿ ಮಾಡುತ್ತಿತ್ತು. 2024ರಲ್ಲಿ ಇಂಟೆಲ್ ಕಾರಣವನ್ನು ಒಪ್ಪಿಕೊಂಡಿತು: ಪ್ರೊಸೆಸರ್ ಕೇಳುತ್ತಿದ್ದ ವೋಲ್ಟೇಜ್ ಮಿತಿಮೀರಿ ಏರುತ್ತಿದ್ದು, ಅದರಿಂದ ಚಿಪ್ಪು ಕ್ರಮೇಣ ಸವೆಯುತ್ತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಯಾಸ್ ಅಪ್‌ಡೇಟ್ ಮೂಲಕ `0x129` ಎಂಬ ಮೈಕ್ರೋಕೋಡ್ ತಿದ್ದುಪಡಿ ಬಂತು, ಮುಂದೆ ಇನ್ನೂ ತಿದ್ದುಪಡಿಗಳಾದವು. ಅವು ಮುಂದಿನ ಸವೆತ ತಡೆಯುವಂಥವು. ಆಗಲೇ ಸವೆದ ಚಿಪ್ಪು ಅವುಗಳಿಂದ ಸರಿಹೋಗದು, ಅದನ್ನು ಬದಲಿಸಿಕೊಳ್ಳಬೇಕು. ಸಂದೇಶ ಹೇಳುವುದು ದೋಷ ಬಯಲಾದ ಜಾಗವನ್ನು. ದೋಷ ಹುಟ್ಟಿದ ಜಾಗ ಬೇರೆಯೇ ಇರಬಹುದು.

ಮೊದಲ ಫ್ರೇಮ್

ಶೇಡರ್‌ಗಳು ಸಿದ್ಧವಾಗಿ, ಬೇಕಾದ ಚಿತ್ರಗಳು ಕಾರ್ಡಿನ ಮೆಮೊರಿ ಸೇರಿದ ಮೇಲೆ ಆಟ ಮೊದಲ ಹಲಗೆಯನ್ನು ತುಂಬಿಸಿ ಪರದೆಗೆ ಕೊಡು ಎಂದು ಡ್ರೈವರ್‌ಗೆ ಹೇಳುತ್ತದೆ. ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಮುಂದಿನ ಸರದಿಗೆ ಹೆಚ್ಚೆಂದರೆ 16.7 ಮಿಲಿಸೆಕೆಂಡು ಕಾದು ಆ ಚಿತ್ರ ಮೂಡುತ್ತದೆ. ಸಾಮಾನ್ಯವಾಗಿ ಅದು ಬರೀ ಕಪ್ಪು ಇಲ್ಲವೇ ತಯಾರಕರ ಲಾಂಛನ.

ಈ ಕೊನೆಯ ಹೆಜ್ಜೆಯಲ್ಲೂ ಎಡವುವುದುಂಟು. ಕೊಟ್ಟ ಕೆಲಸವನ್ನು ಕಾರ್ಡು 2 ಸೆಕೆಂಡಿನೊಳಗೆ ಮುಗಿಸದೆ ಸುಮ್ಮನಾದರೆ ಅದು ಸಿಕ್ಕಿಕೊಂಡಿದೆಯೆಂದು ವಿಂಡೋಸ್ ತೀರ್ಮಾನಿಸಿ ಡ್ರೈವರನ್ನು ಮತ್ತೆ ಶುರುಮಾಡುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮರಳುತ್ತದೆ. ಆಟ ಹಿಡಿದಿದ್ದ ಸಾಧನ ಈಗ ಇಲ್ಲವಾದ್ದರಿಂದ `DXGI_ERROR_DEVICE_REMOVED` ಎಂಬ ಸಂದೇಶದೊಂದಿಗೆ ಅದು ನಿಲ್ಲುತ್ತದೆ. ಮಿತಿಮೀರಿದ ಓವರ್‌ಕ್ಲಾಕ್, ಸಾಲದ ಪವರ್ ಸಪ್ಲೈ, ಡ್ರೈವರ್‌ನ ದೋಷ ಇದಕ್ಕೆ ಸಾಮಾನ್ಯ ಕಾರಣಗಳು. ಶಬ್ದ ಕೇಳಿಸುತ್ತಿದ್ದು ಚಿತ್ರ ಮಾತ್ರ ಇಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು: ಸೆಟ್ಟಿಂಗ್ ಫೈಲಿನಲ್ಲಿ ಈಗಿನ ಮಾನಿಟರ್ ತೋರಿಸಲಾಗದ ರೆಸಲ್ಯೂಶನ್ ಉಳಿದಿರಬಹುದು, ಅಥವಾ ಕಿಟಕಿ ಈಗ ಜೋಡಿಸಿಲ್ಲದ ಎರಡನೆಯ ಮಾನಿಟರ್ ಮೇಲೆ ತೆರೆದಿರಬಹುದು. ಆ ಫೈಲಿನ ಹೆಸರು ಬದಲಿಸಿದರೆ ಹೆಚ್ಚಿನ ಆಟಗಳು ಹೊಸದನ್ನು ಸೃಷ್ಟಿಸಿಕೊಳ್ಳುತ್ತವೆ.

ಉಳಿದ ಜಾಡುಗಳನ್ನು ಓದುವುದು

ಸಂದೇಶವೇ ಇಲ್ಲದೆ ಆಟ ಮಾಯವಾದಾಗ ನೋಡಬೇಕಾದ ಎರಡು ಜಾಗಗಳಿವೆ. ಒಂದು ವಿಂಡೋಸ್‌ನ ಈವೆಂಟ್ ವ್ಯೂವರ್. `eventvwr.msc` ಎಂದು ಟೈಪಿಸಿ ತೆರೆದು `Windows Logs`ನ ಒಳಗಿನ `Application` ಪಟ್ಟಿಯಲ್ಲಿ ಆಟ ಬಿದ್ದ ಹೊತ್ತಿನ 1000 ಸಂಖ್ಯೆಯ ದಾಖಲೆ ಹುಡುಕಬೇಕು. ಅದರಲ್ಲಿ ಮುಖ್ಯವಾದುವು ಈ ಸಾಲುಗಳು:

```
Faulting application name: game.exe
Faulting module name: overlay64.dll
Exception code: 0xc0000005
```

ಎರಡನೆಯ ಸಾಲು, ಬೀಳುವ ಕ್ಷಣದಲ್ಲಿ ಯಾವ ಫೈಲಿನ ಕೋಡ್ ನಡೆಯುತ್ತಿತ್ತು ಎಂಬುದನ್ನು ಹೇಳುತ್ತದೆ. ಮೂರನೆಯದು ಬಿದ್ದ ಬಗೆ; `0xc0000005` ಎಂದರೆ ತನ್ನದಲ್ಲದ ಮೆಮೊರಿಗೆ ಕೈಹಾಕಿದ್ದು. ಮೇಲಿನ ಕಾಲ್ಪನಿಕ ಉದಾಹರಣೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ಓವರ್‌ಲೇಯನ್ನು. ಅಲ್ಲಿ ಡ್ರೈವರ್‌ನ ಫೈಲಿನ ಹೆಸರಿದ್ದರೆ ಡ್ರೈವರನ್ನು, `game.exe` ಎಂದೇ ಇದ್ದರೆ ಆಟವನ್ನು ಅಥವಾ ಅದಕ್ಕೆ ಸಿಕ್ಕ ಕೆಟ್ಟ ಮಾಹಿತಿಯನ್ನು ಅನುಮಾನಿಸಬೇಕು. 1000 ಸಂಖ್ಯೆಯ ದಾಖಲೆ ಇಲ್ಲವೇ ಇಲ್ಲ ಎಂಬುದೂ ಒಂದು ಸುಳಿವು: ಆಟ ಕುಸಿದು ಬೀಳಲಿಲ್ಲ, ಏನೋ ಸರಿಯಿಲ್ಲವೆಂದು ಕಂಡು ತಾನೇ ಬಾಗಿಲು ಹಾಕಿಕೊಂಡಿತು ಎಂದೇ ಹೆಚ್ಚಾಗಿ ಅದರ ಅರ್ಥ.

ಆಗ ನೋಡಬೇಕಾದ ಎರಡನೆಯ ಜಾಗ ಆಟದ ಸ್ವಂತ ಲಾಗ್. ಯೂನಿಟಿ ಎಂಜಿನ್‌ನ ಆಟಗಳದು ಸಾಮಾನ್ಯವಾಗಿ ಬಳಕೆದಾರರ ಫೋಲ್ಡರಿನೊಳಗೆ `AppData\LocalLow` ಎಂಬಲ್ಲಿ, ತಯಾರಕರ ಹೆಸರಿನ ಕೆಳಗೆ `Player.log` ಎಂದಿರುತ್ತದೆ. ಅನ್‌ರಿಯಲ್‌ನ ಆಟಗಳು ಲಾಗ್ ಬರೆಯುವುದಾದರೆ ಅದನ್ನು `AppData\Local`ನಲ್ಲಿ ತಮ್ಮ ಹೆಸರಿನ ಫೋಲ್ಡರಿನ `Saved\Logs` ಒಳಗೆ ಇಡುತ್ತವೆ. ಇವನ್ನು ಕೊನೆಯಿಂದ ಓದಬೇಕು. ಕೊನೆಯ ಸಾಲಿನಲ್ಲಿ ಗ್ರಾಫಿಕ್ಸ್ ಸಾಧನದ ಹೆಸರಿದ್ದರೆ ಆಟ ಅಲ್ಲಿಯವರೆಗೆ ತಲುಪಿತ್ತು, ಮುಂದಿನ ಹೆಜ್ಜೆಯಲ್ಲಿ ನಿಂತಿತು ಎಂದು ಗೊತ್ತಾಗುತ್ತದೆ. ಲಾಗ್ ಫೈಲೇ ಹುಟ್ಟಿರದಿದ್ದರೆ ಎರಡು ಸಾಧ್ಯತೆಗಳಿವೆ. ಆಟದ ಕೋಡ್ ಓಡುವ ಮೊದಲೇ, ಲೋಡರ್ ಅಥವಾ ಕಾವಲಿನ ಹಂತದಲ್ಲಿ ಕೆಲಸ ನಿಂತಿದೆ. ಇಲ್ಲವೇ ಆ ಫೋಲ್ಡರಿನಲ್ಲಿ ಬರೆಯಲು ಆಟಕ್ಕೆ ಆಗುತ್ತಿಲ್ಲ. ಬೇರೊಂದು ಖಾತೆಯಿಂದ ಒಮ್ಮೆ ತೆರೆದು ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ: ಅಲ್ಲಿ ತೆರೆದರೆ ತೊಡಕು ಮೊದಲ ಖಾತೆಯ ಫೋಲ್ಡರಿನದು, ಅಲ್ಲೂ ತೆರೆಯದಿದ್ದರೆ ಇಡೀ ಯಂತ್ರಕ್ಕೆ ಸೇರಿದ್ದು.